ಮಾಳಿಗೆ ಏರಿದ ಲ್ಯಾಪ್‌ಟಾಪ್

ಯಲಬುರ್ಗಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯ. ನಮ್ಮ ನಾಲ್ಕು ಹುಡುಗಿಯರು ವಿಜ್ಞಾನ ರಸಪ್ರಶ್ನೆಯ ಕೊನೆಯ ಸುತ್ತಿಗೆ ಬಂದಿದ್ದರು. ಹನ್ನೊಂದಕ್ಕೆ ಆನ್‌ಲೈನ್ ಹಾಜರಿ. ತಪ್ಪಿದರೆ ತಂಡ ಹೊರಗೆ. ಫೋನಿನಲ್ಲಿ ತೆರೆಯುವುದಿಲ್ಲ, ಕಂಪ್ಯೂಟರೇ ಬೇಕೆಂದು ನಿಯಮ. ಶಾಲೆಯ ಕಂಪ್ಯೂಟರೆಂದರೆ ಹಳೆಯ ವಿದ್ಯಾರ್ಥಿಗಳು ಕೊಟ್ಟ, ಹನ್ನೆರಡು ವರ್ಷ ದುಡಿದ ಲ್ಯಾಪ್‌ಟಾಪ್ ಒಂದೇ.

ವಿಜ್ಞಾನದ ಶಿಕ್ಷಕಿ ತಮ್ಮ ಹೊಸ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿದರು. ಲ್ಯಾಪ್‌ಟಾಪಿನ ವೈಫೈ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಅವರ ಹಳೆಯ ಫೋನಿಗೆ ಈ ತಕರಾರು ಇರಲಿಲ್ಲ. ಆಗ ಹತ್ತೂವರೆ.

ಸಿಗ್ನಲ್ಲಿನ ಸಕಲ ರೋಗಗಳಿಗೂ ಎತ್ತರವೇ ಮದ್ದು ಎಂಬುದು ನಮ್ಮೂರಿನ ಶಾಸ್ತ್ರ. ನಾನೂ ಆ ಪಂಥದವನೇ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಮಾಳಿಗೆ ಏರಿದೆ. ಹಿಂದೆ ಶಿಕ್ಷಕಿ, ಹುಡುಗಿಯರು, ಕಡೆಗೆ ಬಿಸಿಯೂಟದ ಅಡುಗೆಯವ್ವ.

ಮೇಲೆ ಪಟ್ಟಿ ಉದ್ದವಾಯಿತು. ಚಹಾದಂಗಡಿಯ ಹೆಸರು ಬಂತು, ಅದರಾಚೆಯ ಝೆರಾಕ್ಸ್ ಅಂಗಡಿಯದೂ ಬಂತು. ಒಂದು ಗೇಣು ದೂರದಲ್ಲಿದ್ದ ಫೋನಿನದು ಮಾತ್ರ ಬರಲಿಲ್ಲ.

"ಇನ್ನ ಮ್ಯಾಲೆ ನೀರಿನ ಟಾಕಿ ಐತ್ರಿ ಸರ, ಏರ್ತೀರೇನು?" ಎಂದಳು ಅಡುಗೆಯವ್ವ.

"ಬೇಕಾದ್ರ ಏರತೀನವ್ವ!"

ಶಿಕ್ಷಕಿ ನಗಲಿಲ್ಲ. "ನಿಮ್ಮ ಫೋನ್ ಕೊಡ್ರಿ ಸರ." ನನ್ನ ಫೋನಿನಲ್ಲಿ ಅವರ ಹಾಟ್‌ಸ್ಪಾಟ್ ತಟ್ಟನೆ ಕಾಣಿಸಿತು. "ಹಾಟ್‌ಸ್ಪಾಟ್ ಛಲೋ ಐತಿ. ಲ್ಯಾಪ್‌ಟಾಪ್‌ಗೆ ಊರಿನವೆಲ್ಲ ಕಾಣಸ್ತಾವು, ಇದೊಂದ ಕಾಣಸವಲ್ದು. ಯಾಕ?"

"ನನ್ನ ರೇಡಿಯೊದಾಗೂ ಎಫ್‌ಎಂ ಬರಂಗಿಲ್ರಿ ಅಕ್ಕಾರ," ಎಂದಳು ಅಡುಗೆಯವ್ವ. "ಅದು ಹಳೇದು, ಅದರಾಗ ಆ ಬ್ಯಾಂಡೇ ಇಲ್ಲ. ಗುಡ್ಡದ ಮ್ಯಾಲೆ ಇಟ್ರೂ ಅಷ್ಟ."

ಶಿಕ್ಷಕಿ ಅವಳನ್ನೇ ಒಂದು ಕ್ಷಣ ನೋಡಿ ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ ತೆರೆದರು. ಬ್ಯಾಂಡ್ ಎಂಬಲ್ಲಿ ಐದು ಗಿಗಾಹರ್ಟ್ಸ್ ಎಂದಿತ್ತು. ಹೊಸ ಫೋನು ಅದನ್ನು ಹೊತ್ತುಕೊಂಡೇ ಬಂದಿತ್ತು.

"ಈ ಲ್ಯಾಪ್‌ಟಾಪಿನ ವೈಫೈ ಐದರತನಕ ಹೋಗಂಗಿಲ್ರಿ ಸರ. ಎರಡು ಪಾಯಿಂಟ್ ನಾಕು, ಅಷ್ಟ. ಐದರಾಗ ಕೂಗಿದ್ರ ಇದಕ್ಕ ಕೇಳಂಗ ಇಲ್ಲ, ಎಷ್ಟ ಹತ್ರ ಇದ್ರೂ."

ಹಾಗಾದರೆ ನನ್ನ ಮಾಳಿಗೆ ಯಾತ್ರೆ ಶುದ್ಧ ವ್ಯಾಯಾಮ. ಒಪ್ಪಿಕೊಳ್ಳಲು ಹೊತ್ತಿರಲಿಲ್ಲ, ಹನ್ನೊಂದಕ್ಕೆ ನಾಲ್ಕು ನಿಮಿಷ.

ಶಿಕ್ಷಕಿ ಬ್ಯಾಂಡನ್ನು ಎರಡು ಪಾಯಿಂಟ್ ನಾಲ್ಕಕ್ಕೆ ಬದಲಿಸಿದರು. ಹಾಟ್‌ಸ್ಪಾಟ್ ಒಮ್ಮೆ ಆರಿ ಮತ್ತೆ ಹತ್ತಿತು. ಪಟ್ಟಿಯಲ್ಲಿ ಅವರ ಫೋನಿನ ಹೆಸರು ಮೂಡಿದಾಗ ಹುಡುಗಿಯರು ಕೂಗಿದ ಕೂಗು ಚಹಾದಂಗಡಿಗೂ ಕೇಳಿಸಿರಬೇಕು.

ಕೆಳಗಿಳಿಯುವಷ್ಟು ವೇಳೆ ಇರಲಿಲ್ಲ. ಬಿಸಿಲಿಗೆ ಪರದೆ ಕಾಣದು. ನಾನು ಹೆಗಲ ಮೇಲಿನ ಟವೆಲ್ ಬಿಚ್ಚಿ ಲ್ಯಾಪ್‌ಟಾಪಿನ ಮೇಲೆ ಛತ್ರಿಯಂತೆ ಹಿಡಿದೆ. "ಹಾಜರ್ರೀ!" ಎಂದರು ನಾಲ್ವರೂ ಒಟ್ಟಿಗೆ. ಮುಂದಿನ ಮುಕ್ಕಾಲು ಗಂಟೆ ನಾನು ತೋಳು ಇಳಿಸಲಿಲ್ಲ. ಏರಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬರಬೇಕಲ್ಲ.