ಉದ್ದ ದಾರಿಯ ಮೆಮೊ

ಠಾಣೆಯ ಗೋದಾಮೊಂದರಲ್ಲಿ ಸಾಗಾಟದ ಖರ್ಚುವೆಚ್ಚ ಲೆಕ್ಕಹಾಕುವುದು ನನ್ನ ಕೆಲಸವಾಗಿತ್ತು. ಅಂಬರನಾಥದ ಕಾರ್ಖಾನೆಗೆ ಹೋಗುವ ಲಾರಿ ಪದೇ ಪದೇ ತಡವಾಗುತ್ತಿತ್ತು. "ದಾರಿಯಲ್ಲಿ ಮಲಗ್ತೀಯಾ?" ಎಂದು ಮ್ಯಾನೇಜರ್ ವಯಸ್ಸಾದ ಡ್ರೈವರನ್ನು ಎಲ್ಲರೆದುರು ಬೈದಾಗ ನನಗೆ ಮೈಯೆಲ್ಲ ಉರಿಯಿತು.

ಟ್ರಿಪ್ ಶೀಟುಗಳನ್ನು ತೆಗೆದು ಮೆಮೊ ಬರೆದೆ. ಮುಂಬ್ರಾ ದಾರಿ ಹತ್ತಿರದ್ದು, ಆದರೆ ಟ್ರಾಫಿಕ್ಕಿನಲ್ಲಿ ನಿಂತು ಕಾರ್ಖಾನೆಯ ಗೇಟು ಮುಚ್ಚಿಹೋದರೆ ಸರಕು ವಾಪಸ್ ಬರುತ್ತದೆ, ಮರುದಿನ ಮತ್ತೆ ಒಯ್ಯಬೇಕು. ಆ ದಿನದ ಎರಡನೇ ಟ್ರಿಪ್ಪಿಗೆ ಬಾಡಿಗೆ ಲಾರಿ ಬೇಕು. ಐರೋಲಿ, ಮಹಾಪೆ ಸುತ್ತಿ ಹೋದರೆ ಡೀಸೆಲ್ಲೂ ಟೋಲೂ ಹೆಚ್ಚು, ಆದರೆ ಟ್ರಾಫಿಕ್ ಕಡಿಮೆ, ಅದೇ ಲಾರಿ ದಿನಕ್ಕೆ ಎರಡು ಟ್ರಿಪ್ ಮಾಡುತ್ತದೆ. ಒಟ್ಟು ಖರ್ಚು ಇಳಿಯುತ್ತದೆ.

"ಉದ್ದ ದಾರಿ ಅಗ್ಗ ಹೇಗಮ್ಮ ಆಗುತ್ತೆ?" ಮ್ಯಾನೇಜರ್ ಅದನ್ನು ಓದದೆ ಬದಿಗೆ ತಳ್ಳಿದರು.

"ಒಂದು ವಾರ ಕಳಿಸಿ ನೋಡಿ ಸರ್. ತಪ್ಪಾದರೆ ನನ್ನನ್ನೇ ಕೆಲಸದಿಂದ ತೆಗೆಯಿರಿ."

ಮರುವಾರ ಲಾರಿಯನ್ನು ಸುತ್ತುದಾರಿಯಲ್ಲಿ ಕಳಿಸಿದರು. ಸರಕು ಒಮ್ಮೆಯೂ ವಾಪಸ್ ಬರಲಿಲ್ಲ, ಬಾಡಿಗೆ ಲಾರಿಯೂ ಬೇಕಾಗಲಿಲ್ಲ. ದಾರಿ ಬದಲಾಯಿತು.

"ಈಗ ಡ್ರೈವರ್ ಹತ್ತಿರ ಕ್ಷಮೆ ಕೇಳಿ ಸರ್" ಎಂದೆ. ಅವರು ಕೇಳಿಸದವರಂತೆ ಫೋನು ಎತ್ತಿಕೊಂಡು ಬೇರೆ ಯಾರಿಗೋ ಕರೆ ಮಾಡಿದರು.

"ಬಿಟ್ಟುಬಿಡಮ್ಮ, ಹೊತ್ತಿಗೆ ಸರಿಯಾಗಿ ಮನೆ ಸೇರ್ತಿದ್ದೇನಲ್ಲ" ಎಂದರು ಡ್ರೈವರ್, ಆಮೇಲೆ ನಾನು ಇದನ್ನು ಹೇಳಿದಾಗ. ಅವರು ಆ ಬೈಗಳನ್ನು ಅಲ್ಲಿಗೇ ಬಿಟ್ಟರು. ನನಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.