ಎಷ್ಟು ದಿನಕ್ಕೊಮ್ಮೆ ತಲೆ ಎರೆದುಕೊಳ್ಳಬೇಕು

ಅವ್ವನ ನೆತ್ತಿ ಅರವತ್ತರ ಹೊತ್ತಿಗೆ ಬೋಳಾಗಿತ್ತು. ಅವಳು ಸೆರಗು ಹೊದ್ದು ಮುಚ್ಚಿಕೊಂಡಳು, ಯಾರೂ ಕೇಳಲಿಲ್ಲ. ನನಗೆ ಆ ಅನುಕೂಲವಿಲ್ಲ. ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನ ಆಫೀಸಿನಲ್ಲಿ, ಕಿಟಕಿಯ ಹಿಂದೆ ಕೂತು ದಿನವಿಡೀ ಅರ್ಜಿ ತೆಗೆದುಕೊಳ್ಳುವ ಕೆಲಸ ನನ್ನದು. ತಲೆ ಬಗ್ಗಿಸಿ ಬರೆಯುವಾಗ ಎದುರು ನಿಂತವರಿಗೆ ಮೊದಲು ಕಾಣುವುದು ನನ್ನ ಬೈತಲೆ. ನಲವತ್ತೇಳನೆಯ ವರ್ಷದಲ್ಲಿ ಆ ಬೈತಲೆ ಅಗಲವಾಗತೊಡಗಿತು.

ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಗೇಟಿನಿಂದ ಮೂರು ಸಲ ಮನೆಯೊಳಗೆ ಹೋಗಿ ಬರುವ ಹೆಂಗಸು ನಾನು. ಇಂಥವಳ ಕೂದಲು ಉದುರಿದರೆ ಏನಾಗಬೇಕೋ ಅದೇ ಆಯಿತು. ಒಂದು ಬೆಳಗ್ಗೆ ಬಚ್ಚಲ ಜಾಲರಿಯ ಮೇಲೆ ಕೂತಿದ್ದ ಮುದ್ದೆಯನ್ನು ನೋಡಿ, ಅಪರಾಧಿ ಶಾಂಪೂ ಎಂದು ತೀರ್ಪು ಕೊಟ್ಟುಬಿಟ್ಟೆ. ನನ್ನ ತಲೆಯಲ್ಲಿ ಬೇಗ ಜಿಡ್ಡು ಕೂರುತ್ತದೆ, ಹಾಗಾಗಿ ಆವರೆಗೆ ದಿನ ಬಿಟ್ಟು ದಿನ ಶಾಂಪೂ ಹಾಕುತ್ತಿದ್ದೆ.

ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಫೋನಿನ ವಿಡಿಯೋದಲ್ಲಿ ಒಬ್ಬಾಕೆ ದಿನಾ ತೊಳೆಯಿರಿ ಎಂದಳು, ಇನ್ನೊಬ್ಬಾಕೆ ತೊಳೆಯಲೇಬೇಡಿ ಎಂದಳು. ನಮ್ಮ ರಸ್ತೆಯ ಬ್ಯೂಟಿ ಪಾರ್ಲರಿನವಳು ನನ್ನ ಜಡೆ ಕೈಯಲ್ಲಿ ತೂಗಿ ನೋಡಿ, "ದಿನಾ ಶಾಂಪೂ ಹಾಕಿದ್ರೆ ಬೇರುಗಳೇ ಸಡ್ಲ ಆಗ್ತಾವೆ ಮೇಡಂ. ವಾರಕ್ಕೊಂದೇ ಸಲ. ಅದೂ ಬೋರ್‌ವೆಲ್ ನೀರು ಬ್ಯಾಡವೇ ಬ್ಯಾಡ" ಎಂದಳು. ಹೆಚ್ಚು ಹೆದರಿಸಿದವರನ್ನೇ ನಂಬುವುದು ನನ್ನ ಹುಟ್ಟುಗುಣ. ನಂಬಿದೆ.

ನಮ್ಮ ಮನೆಯದು ಬೋರ್‌ವೆಲ್ ನೀರು, ನಲ್ಲಿಯ ಮೂತಿಗೆಲ್ಲ ಬಿಳಿ ಪದರ ಕಟ್ಟಿಸುವಂಥದ್ದು. ಅಕ್ಕ ಇರುವುದು ಹರಿಹರದಲ್ಲಿ, ಅವಳ ನಲ್ಲಿಗೆ ಹೊಳೆ ನೀರು. ಹೀಗೆ ಪ್ರತಿ ಭಾನುವಾರ ಟವೆಲ್ಲು, ಶಾಂಪೂ ಚೀಲಕ್ಕೆ ತುಂಬಿಕೊಂಡು, ಬರೀ ತಲೆ ಎರೆದುಕೊಳ್ಳಲು ಬಸ್ಸು ಹತ್ತಿ ಹರಿಹರಕ್ಕೆ ಹೋಗತೊಡಗಿದೆ. ಜನ ಆ ಊರಿಗೆ ದೇವರ ದರ್ಶನಕ್ಕೆ ಬರುತ್ತಾರೆ. ನಾನು ಬಚ್ಚಲಿಗೆ ಬರುತ್ತಿದ್ದೆ.

ಉದುರಿದ್ದನ್ನು ಎಸೆಯುತ್ತಿರಲಿಲ್ಲ. ನಮ್ಮ ಕಡೆ ಹೆಂಗಸರು ಉದುರಿದ ಕೂದಲನ್ನು ಸುತ್ತಿ ಕೂಡಿಡುತ್ತಾರೆ, ಕೂದಲಿಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದಾಗ ಹಾಕುತ್ತಾರೆ. ನಾನು ಕೂಡಿಟ್ಟಿದ್ದು ಪಾತ್ರೆಗಲ್ಲ. ಪ್ರತಿ ಸಲದ್ದನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿ, ಮೇಲೆ ತಾರೀಖು ಬರೆದು, ಕಡಿಮೆಯಾಗುತ್ತಿದೆಯೇ ಎಂದು ಹೋಲಿಸಿ ನೋಡುವುದಕ್ಕೆ.

ಕಡಿಮೆಯಾಗಲಿಲ್ಲ. ದಿನ ಬಿಟ್ಟು ದಿನ ತೊಳೆಯುವಾಗ ನೆಲ್ಲಿಕಾಯಿಯಷ್ಟಿದ್ದದ್ದು ಈಗ ನಿಂಬೆಹಣ್ಣಿನಷ್ಟಾಯಿತು. ವಾರಕ್ಕೊಮ್ಮೆಯೂ ಹೆಚ್ಚೇ ಎಂದು ಹದಿನೈದು ದಿನಕ್ಕೊಮ್ಮೆ ಮಾಡಿದೆ. ಬಾಚಿದರೂ ಬರುತ್ತವಲ್ಲ ಎಂದು ಬಾಚಣಿಗೆ ಮುಟ್ಟುವುದನ್ನೇ ಬಿಟ್ಟು, ಎಣ್ಣೆ ಹಚ್ಚಿ ಕೈಯಲ್ಲೇ ಸವರಿ ತುರುಬು ಕಟ್ಟಿದೆ. ನೆತ್ತಿ ತುರಿಸತೊಡಗಿತು. ಕಪ್ಪು ರವಿಕೆಯ ಹೆಗಲ ಮೇಲೆ ಹೊಟ್ಟು ಉದುರಿತು. ಉಗುರು ಹಾಕಿದರೆ ಇನ್ನೆರಡು ಎಳೆ ಹೋದಾವೆಂದು ಕೆರೆಯದೆ, ಪೆನ್ನಿನ ತುದಿಯಿಂದ ಮೆಲ್ಲಗೆ ಒತ್ತಿಕೊಳ್ಳುತ್ತಾ ಅರ್ಜಿಗಳಿಗೆ ಸೀಲು ಹಾಕುತ್ತಿದ್ದೆ.

"ಸೋಮವಾರನೂ ಬರೀ ಮೈಗೆ ನೀರೇನೇ?" ಎಂದಳು ಅಕ್ಕ ಫೋನಿನಲ್ಲಿ. ನಮ್ಮ ಮನೆತನದಲ್ಲಿ ಸೋಮವಾರ ತಲೆಗೆ ನೀರು ಹಾಕಿಕೊಳ್ಳದೆ ಲಿಂಗಪೂಜೆಗೆ ಕೂತವರಿಲ್ಲ. "ಶಿವ ಕ್ಷಮಿಸ್ತಾನೆ, ಕೂದ್ಲು ಕ್ಷಮಿಸಲ್ಲ" ಎಂದೆ. ನಗಲೆಂದು ಹೇಳಿದ್ದು. ಅವಳು ನಗಲಿಲ್ಲ.

ಮುಂದಿನ ಸಲ ಅವಳ ಬಚ್ಚಲಲ್ಲಿ ಹದಿನೈದು ದಿನದ ಜಿಡ್ಡಿಗೆ ನೀರು ಹೊಯ್ದೆ. ಬೆರಳು ಆಡಿಸಿದಷ್ಟೂ ಬಂದವು. ಬೆರಳ ಸಂದಿಗೆ, ಬೆನ್ನಿಗೆ, ಕಾಲಿಗೆ ಅಂಟಿಕೊಂಡವು. ಎರಡೂ ಕೈಯ ಬೊಗಸೆ ತುಂಬಿತು. ಮೈಯೆಲ್ಲ ಸೋಪಿನ ನೊರೆ ಇಟ್ಟುಕೊಂಡು ನೆಲದ ಮೇಲೆ ಕೂತು ಅತ್ತೆ. ಅವ್ವನಿಗೆ ಅರವತ್ತಕ್ಕೆ ಬಂದದ್ದು ನನಗೆ ಐವತ್ತಕ್ಕೂ ಮೊದಲೇ ಬಂತು ಅನ್ನಿಸಿತು.

ಅಕ್ಕ ಬಾಗಿಲು ಬಡಿದಳು. "ಏ, ಜಾರಿ ಬಿದ್ಯೇನೇ?"

"ಎಲ್ಲಾ ಹೋದ್ವಕ್ಕಾ."

"ಯಾರು ಹೋದ್ರೇ?"

ಬಾಗಿಲು ಸಂದಿಯಿಂದ ಬೊಗಸೆ ತೋರಿಸಿದೆ. "ಪಾತ್ರೆಯವಳು ನೋಡಿದ್ರೆ ಕೊಪ್ಪರಿಗೆನೇ ಕೊಡ್ತಾಳೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಒರೆಸ್ಕಂಡು ಬಾ. ನಾಳೆ ದಾವಣಗೆರಿಗೆ ನಾನೂ ಬರ್ತೀನಿ, ಡಾಕ್ಟ್ರಿಗೆ ತೋರಿಸೋಣ" ಎಂದಳು.

ಚರ್ಮದ ಡಾಕ್ಟರಮ್ಮನ ಮೇಜಿನ ಮೇಲೆ ನನ್ನ ಪೊಟ್ಟಣಗಳನ್ನೆಲ್ಲ ಸಾಲಾಗಿ ಇಟ್ಟೆ. ಆಕೆ ಒಂದೊಂದರ ತಾರೀಖು ಓದಿದರು.

"ಇದೇ ಯಾಕ ಇಷ್ಟು ದಪ್ಪ ಐತೆ?"

"ಅದು ಹದಿನೈದು ದಿನ ಬಿಟ್ಟು ಎರಕೊಂಡಿದ್ದು ಡಾಕ್ಟ್ರೇ."

"ನಡುವೆ ಬಾಚಿದಾಗ ಬಂದಿದ್ದು ಎಲ್ಲೈತ್ರಿ?"

"ಬಾಚೇ ಇಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದು ಅಕ್ಕನ ಮುಖ ನೋಡಿದರು. "ನೋಡ್ರಿ, ಯಾರ ತಲೆಯಿಂದಾದ್ರೂ ದಿನಾ ಐವತ್ತರಿಂದ ನೂರು ಕೂದ್ಲು ಉದುರ್ತಾವೆ. ಅವು ಬೇರಿನಿಂದ ಬಿಟ್ಕೊಂಡು ಆಗ್ಲೇ ಕೂತಿರ್ತಾವೆ, ನೀರು ಬಿದ್ದಾಗ ಇಳೀತಾವೆ. ಹದಿನೈದು ದಿನದ್ದು ಒಂದೇ ದಿನ ಇಳಿಸಿದ್ರೆ ಬೊಗಸೆ ತುಂಬದೆ ಏನಾಗ್ತದೆ? ಶಾಂಪೂ ಕೀಳಲ್ಲಮ್ಮಾ, ಕಿತ್ತು ಬಂದಿದ್ದನ್ನ ತೋರಿಸ್ತದೆ ಅಷ್ಟೆ."

"ಹಂಗಾದ್ರೆ ದಿನಾ ಹಾಕಿದ್ರೆ ಕೆಡಲ್ವಾ?"

"ಜಿಡ್ಡಿನ ತಲೆಗೆ ದಿನ ಬಿಟ್ಟು ದಿನ ಹಾಕ್ರಿ, ದಿನಾ ಹಾಕಿದ್ರೂ ನಡೀತದೆ, ಮೃದು ಶಾಂಪೂ ಇದ್ರೆ. ನೆತ್ತಿಗೆ ಹಾಕ್ರಿ, ತುದಿಗೆ ತಿಕ್ಕಬ್ಯಾಡ್ರಿ. ತುದಿಗೆ ಕಂಡೀಷನರ್. ಒಣ ಕೂದ್ಲು, ಗುಂಗುರು ಕೂದ್ಲಿನೋರಿಗೆ ವಾರಕ್ಕೊಂದೆರಡು ಸಲ ಸಾಕು, ಅವರು ದಿನಾ ತೊಳೆದ್ರೆ ಎಳೆ ಒಣಗಿ ಸೀಳ್ತದೆ, ಬೇರಿಗೇನೂ ಆಗಲ್ಲ. ಕೂದ್ಲು ತುಂಡಾಗೋದು ಟವೆಲ್ಲಲ್ಲಿ ಜೋರಾಗಿ ಉಜ್ಜಿದ್ರೆ, ಒದ್ದೆ ಇದ್ದಾಗ ಎಳೆದು ಬಾಚಿದ್ರೆ. ಈಗ ಹೊಟ್ಟಿಗೆ ಒಂದು ಶಾಂಪೂ ಬರೀತೀನಿ, ಐದು ನಿಮಿಷ ಬಿಟ್ಟು ತೊಳೀರಿ. ಎಣ್ಣೆ ನಿಲ್ಲಿಸ್ರಿ, ಹೊಟ್ಟು ಬೆಳೆಯೋದೇ ಆ ಜಿಡ್ಡಿನ್ಯಾಗೆ."

"ಬೋರ್‌ವೆಲ್ ನೀರು?"

"ಒರಟಾಗ್ತಾವೆ. ಉದುರಲ್ಲ."

ಅಕ್ಕ ನನ್ನ ತೊಡೆ ಚಿವುಟಿದಳು. "ಬಸ್‌ಚಾರ್ಜೆಲ್ಲ ಹೊಳೆಗೆ ಹಾಕಿದಂಗಾತು!"

ನನಗೆ ಬದುಕಿಬಂದಷ್ಟು ಸಂತೋಷ. ಅದು ಎರಡು ನಿಮಿಷವೂ ಉಳಿಯಲಿಲ್ಲ. ಡಾಕ್ಟರಮ್ಮ ಎದ್ದು ಬಂದು ಬೈತಲೆಯ ಮೇಲೆ ಲೆನ್ಸ್ ಹಿಡಿದರು. ಒಂದು ಹಿಡಿ ಕೂದಲು ಎಳೆದು ನೋಡಿದಾಗ ನಾನು ಕಿರುಚುವುದೊಂದು ಬಾಕಿ.

"ಇದು ಬೇರೆ ವಿಚಾರ" ಎಂದರು. "ನೆತ್ತಿ ಮೇಲಿನ ಎಳೆ ಸಣ್ಣ ಆಗ್ತಾ ಬಂದಾವೆ. ತಾಯಿಗೆ ಹಿಂಗೇ ಇತ್ತಾ?"

ಇಬ್ಬರೂ ತಲೆಯಾಡಿಸಿದೆವು.

"ಶಾಂಪೂ ಹಾಕಿದ್ರೂ ಇದು ಬರ್ತಿತ್ತು, ಬಿಟ್ರೂ ಬರ್ತಿತ್ತು. ರಕ್ತದಾಗೆ ಕಬ್ಬಿಣದ ಅಂಶ, ಥೈರಾಯ್ಡ್ ಪರೀಕ್ಷೆ ಮಾಡಿಸ್ರಿ. ನೆತ್ತಿಗೆ ಹಚ್ಚೋ ಔಷಧಿ ಕೊಡ್ತೀನಿ. ಆರು ತಿಂಗಳಾದ್ರೂ ಹಚ್ಚಬೇಕು. ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರಬಹುದು. ಹೆದರಿ ಬಿಡಬ್ಯಾಡ್ರಿ."

ಯಾರಿಗೆ ಹೇಳುತ್ತಿದ್ದಾರೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಷ್ಟು ತಿಂಗಳು ನಾನು ಶಾಂಪೂವನ್ನು ಬೈದದ್ದು ಯಾಕೆಂದು ಆಗ ಹೊಳೆಯಿತು. ಅಪರಾಧ ಅದರದ್ದೇ ಆಗಿದ್ದರೆ ನಿಲ್ಲಿಸಬಹುದಿತ್ತು. ಅವ್ವನಿಂದ ಬಂದದ್ದನ್ನು ಏನು ಮಾಡಿ ನಿಲ್ಲಿಸಲಿ?

ಈಗ ಒಂದು ತಿಂಗಳಾಯಿತು. ಹೊಟ್ಟು ಹೋಗಿದೆ, ತುರಿಕೆ ಇಲ್ಲ. ದಿನ ಬಿಟ್ಟು ದಿನ ಮನೆಯ ಬೋರ್‌ವೆಲ್ ನೀರಲ್ಲೇ ಎರೆದುಕೊಳ್ಳುತ್ತೇನೆ. ಔಷಧಿಗೆ, ಹೇಳಿದಂತೆಯೇ, ಜಾಸ್ತಿ ಉದುರುತ್ತಿವೆ. ಇಂದು ಬೆಳಗ್ಗೆ ಶಾಂಪೂ ಬಾಟ್ಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಒಂದು ದಿನ ಬಿಟ್ಟರೆ ಏನಾದೀತು, ಕಾಣುವುದಾದರೂ ತಪ್ಪೀತಲ್ಲ ಎಂದು. ಆಮೇಲೆ ನಲ್ಲಿ ತಿರುಗಿಸಿದೆ.

ಒದ್ದೆ ತಲೆಯಲ್ಲಿದ್ದಾಗಲೇ ಅಕ್ಕನ ಫೋನು.

"ಎರಕೊಂಡ್ಯಾ?"

"ಹೂಂ."

"ಎಷ್ಟು ಹೋದ್ವೇ?"

ಜಾಲರಿಯ ಕಡೆ ನೋಡಿದೆ. "ಬಹಳ ಹೋದ್ವಕ್ಕಾ" ಎಂದೆ.

"ಔಷಧಿ ಹಚ್ಚಿದ್ಯಾ?"

"ಇನ್ನೂ ಇಲ್ಲ."

"ಹಚ್ಚು. ನಾನು ಫೋನು ಇಡಲ್ಲ" ಎಂದಳು.

ಫೋನನ್ನು ಕಿಟಕಿಯ ಮೇಲಿಟ್ಟು, ಕನ್ನಡಿಯ ಮುಂದೆ ಬೈತಲೆ ಬಿಡಿಸಿದೆ.