ಮೂರು ದಳ, ಎರಡು ಸುತ್ತು

ಓಂಕಾರಪ್ಪ ಕೆ.ಜಿ.ಎಫ್‌ನ ಕಾರ್ಖಾನೆಯೊಂದರಲ್ಲಿ ಟ್ರೇಸರ್. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಇಂಕಿನಲ್ಲಿ ತಿದ್ದುವ ಕೆಲಸ. ಗೆರೆ ಮಂಕಾದರೆ ಅದರ ಮೇಲೇ ಮತ್ತೊಂದು ಸಲ ಪೆನ್ನು ಓಡಿಸಬೇಕು. ಹಾಗೆ ಓಡಿಸಿ ಓಡಿಸಿಯೇ ಅವನ ತಲೆಗೂದಲು ನರೆಯತೊಡಗಿತ್ತು. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಎಲ್ಲ ಪಾಸಾಗಿ ಗಣಿತವೊಂದು ಉಳಿದಿತ್ತು. ಮುಂದಿನ ವರ್ಷಕ್ಕೆ ಬಡ್ತಿಯ ವಯಸ್ಸೂ ಮೀರುತ್ತಿತ್ತು. ಎಂಬತ್ತೆಂಟರ ಈ ಪರೀಕ್ಷೆ ಹೋದರೆ ಎಲ್ಲ ಹೋದಂತೆ.

ಬಂಗಾರಪೇಟೆಯ ಶ್ರೀರಾಮಪ್ಪ ಮೇಷ್ಟ್ರು ಸಂಜೆ ಹೊತ್ತು ಪಾಠ ಹೇಳಿದರು. ಉಳಿದ ಲೆಕ್ಕಗಳು ಇವನ ತಲೆಗೆ ಹತ್ತಲಿಲ್ಲ. ವಕ್ರರೇಖೆಗಳು ಮಾತ್ರ ಹತ್ತಿದವು. ಗೆರೆ ಅಂದರೆ ಅವನಿಗೆ ಅನ್ನ ತಾನೆ!

ಬೆಂಗಳೂರಿನಲ್ಲಿ ಪರೀಕ್ಷೆ ಬರೆದು ರೈಲಿಳಿದಾಗ ಮೇಷ್ಟ್ರು ಬಂಗಾರಪೇಟೆ ಸ್ಟೇಷನ್ನಿನಲ್ಲೇ ಕಾದಿದ್ದರು.

“ಸಾ, ವಕ್ರರೇಖೆವು ಎಲ್ಡೂ ಬಂದಿದ್ವು! ಬರ್ದೆ!”

“ಗೆರೆ ಉದ್ದ ಅಳೆಯೋದು ಹೆಂಗ್ ಮಾಡ್ದೆ?”

“ಎಕ್ಸು ಎ ಕಾಸ್ ಕ್ಯೂಬ್ ಟೀ, ವೈ ಎ ಸೈನ್ ಕ್ಯೂಬ್ ಟೀ. ಕಾಲು ಭಾಗಕ್ಕೆ ಮೂರು ಎ ಬೈ ಎರಡು, ನಾಕಕ್ಕೂ ಸೇರಿ ಆರು ಎ.”

“ಶಭಾಷ್. ವಿಸ್ತೀರ್ಣ?”

“ಆರ್ ಈಕ್ವಲ್ಸ್ ಎ ಕಾಸ್ ಮೂರು ತೀಟಾ ಸಾ, ಮೂರು ದಳದ ಹೂವಿನಂಗಿರೋದು. ಅರ್ಧ ಆರ್ ಸ್ಕ್ವೇರ್ ತಕ್ಕೊಂಡು ಸೊನ್ನೆಯಿಂದ ಎರಡು ಪೈವರೆಗೂ ಪೂರ್ತಿ ಓಡಿಸ್ದೆ. ಪೈ ಎ ಸ್ಕ್ವೇರ್ ಬೈ ಎರಡು!”

ಮೇಷ್ಟ್ರ ಮುಖ ಸಪ್ಪಗಾಯಿತು.

“ಪೈ ಬರೋ ಒತ್ಗೇ ಮೂರು ದಳಾನೂ ಮುಗ್ದೋಯ್ತದೆ ಕಣಪ್ಪ. ಆಮ್ಯಾಕೆ ಅದೇ ದಳದ ಮೇಲೆ ಇನ್ನೊಂದು ಸುತ್ತು. ಒಂದೇ ಜಾಗಾನ ಎಲ್ಡು ಸಲ ಅಳ್ದಿದ್ದೀಯ. ಉತ್ತರ ಪೈ ಎ ಸ್ಕ್ವೇರ್ ಬೈ ನಾಕು.”

ಓಂಕಾರಪ್ಪನಿಗೆ ನಿಂತ ನೆಲವೇ ಕುಸಿದಂತಾಯಿತು. ಉತ್ತರಪತ್ರಿಕೆಯಲ್ಲಿ ಚಿತ್ರ ಬರೆಯುವಾಗ ಪೆನ್ನು ಹಳೆಯ ಗೆರೆಯ ಮೇಲೇ ಮತ್ತೆ ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ.

“ಗೆರೆ ದಪ್ಪ ಬಂತು ಅಂತ ಖುಷಿಪಟ್ನಲ್ಲ ಸಾ,” ಅಂದ. “ದಪ್ಪ ಬಂದ್ರೆ ಒಳ್ಳೇದು ಅಂದ್ಕಂಡೆ.”

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಕೆ.ಜಿ.ಎಫ್ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಬಂತು, ಇವನು ಹತ್ತಿದ.

ಫಲಿತಾಂಶ ಬಂತು, ಎರಡೇ ಅಂಕಕ್ಕೆ ಹೋಗಿತ್ತು. ಪಾಪಿ ಅಂಕಗಳು! ಹೆಂಡತಿ ಶಾಂತಮ್ಮ, “ಓಗ್ಲಿ ಬಿಡ್ರಿ, ಮುಂದಿನ್ಸಲ ಕಟ್ರಿ,” ಅಂದಳು. ಮುಂದಿನ ಸಲ ಇಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಅದೇ ಲೆಕ್ಕವನ್ನು ಅವನು ಊಟದ ಬಿಡುವಿನಲ್ಲಿ ಹಾಳೆಚೂರುಗಳ ಮೇಲೆ ಎಷ್ಟು ಸಲ ಮಾಡಿದನೋ. ಸೊನ್ನೆಯಿಂದ ಪೈವರೆಗೆ, ಅಲ್ಲಿಗೆ ನಿಲ್ಲುವುದು. ಪ್ರತಿ ಸಲವೂ ಉತ್ತರ ಸರಿಯಾಗಿಯೇ ಬರುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ.